ಏಳೂವರೆ ಅನ್ನಬೇಕೋ, 19:30 ಅನ್ನಬೇಕೋ?

"ಎಷ್ಟು ಗಂಟೆಗೆ ಬರ್ತೀರಿ?" ಅಂತ ವಾಟ್ಸಾಪ್‌ನಲ್ಲಿ ಕೇಳಿದವರಿಗೆ ಬರೀ "7:30" ಅಂತ ಟೈಪ್ ಮಾಡಿ ಕಳಿಸಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಊಟಕ್ಕೆ ಕರೆದವರಿಗೆ ಅದು ರಾತ್ರಿ ಏಳೂವರೆ ಎಂದು ಗೊತ್ತೇ ಇರುತ್ತದೆ. ತೊಂದರೆ ಬರುವುದು ಸಂದರ್ಭ ನೋಡಿ ಊಹಿಸಲು ಆಗದಿದ್ದಾಗ. ರೈಲು, ಬಸ್ಸು, ಡಾಕ್ಟರ ಅಪಾಯಿಂಟ್‌ಮೆಂಟ್, ಬೇರೆ ದೇಶದಲ್ಲಿರುವ ಮಗಳ ವಿಡಿಯೊ ಕಾಲ್, ಬೆಳಗಿನ ಜಾವದ ಮುಹೂರ್ತ, ಇಂಥವು. ಆಗ ಒಬ್ಬರು "24 ಗಂಟೆ ಲೆಕ್ಕದಲ್ಲಿ ಬರೆದರೆ ಗೊಂದಲವೇ ಇಲ್ಲ" ಅನ್ನುತ್ತಾರೆ. ಇನ್ನೊಬ್ಬರು "ನಮ್ಮ ಅಮ್ಮನಿಗೆ 19:30 ಅಂದರೆ ತಲೆಬುಡ ಗೊತ್ತಾಗಲ್ಲ" ಅನ್ನುತ್ತಾರೆ. ಇಬ್ಬರ ಮಾತಲ್ಲೂ ನಿಜ ಇದೆ. ಬರೆಯುವಾಗ ಗೆಲ್ಲುವುದು ಒಂದು, ಬಾಯಲ್ಲಿ ಹೇಳುವಾಗ ಗೆಲ್ಲುವುದು ಇನ್ನೊಂದು.

ಯಾವುದನ್ನು ನೋಡಿ ಆರಿಸಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಒಂದು, ಓದಿದವರು ತಪ್ಪು ತಿಳಿದರೆ ಎಷ್ಟು ದೊಡ್ಡ ತಪ್ಪಾಗುತ್ತದೆ? ಹತ್ತು ನಿಮಿಷ ಆಚೀಚೆ ಆಗುವುದಕ್ಕೂ ಹನ್ನೆರಡು ಗಂಟೆ ಆಚೀಚೆ ಆಗುವುದಕ್ಕೂ ಅಜಗಜಾಂತರ. ಎರಡು, ತಾರೀಕು ಜಾರುತ್ತದೆಯೇ? ಇದನ್ನು ಜಾಸ್ತಿ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ದುಡ್ಡು ಹೋಗುವುದು ಇಲ್ಲೇ. ಮೂರು, ಗಲಾಟೆಯಲ್ಲಿ ಫೋನ್ ಹಿಡಿದವರ ಕಿವಿಗೆ ಅದು ಸರಿಯಾಗಿ ಬೀಳುತ್ತದೆಯೇ? ನಾಲ್ಕು, ಎದುರಿನವರು ಮನಸ್ಸಲ್ಲೇ ಕೂಡಿಸಿ ಕಳೆಯುವ ಲೆಕ್ಕ ಮಾಡಬೇಕೇ? ಲೆಕ್ಕ ಅಂತ ಬಂದ ಕಡೆ ತಪ್ಪೂ ಬರುತ್ತದೆ.

ನಮ್ಮ ಮುಂದಿರುವ ದಾರಿಗಳು ಮೂರು: ಎಎಂ, ಪಿಎಂ ಹಾಕಿ ಬರೆಯುವುದು, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತ ಹೊತ್ತಿನ ಹೆಸರು ಹಾಕಿ ಹೇಳುವುದು, ಇಲ್ಲವೇ 24 ಗಂಟೆ ಲೆಕ್ಕ.

ಎಎಂ, ಪಿಎಂ

ಫೋನು, ಲ್ಯಾಪ್‌ಟಾಪು, ಬಸ್ಸಿನ ಆ್ಯಪು ಎಲ್ಲ ಕಡೆ ಕಾಣುವುದರಿಂದ ಕೈ ತಾನಾಗಿ ಇದನ್ನೇ ಟೈಪ್ ಮಾಡುತ್ತದೆ. ಬೆಳಗ್ಗೆ ಒಂದರಿಂದ ಹನ್ನೊಂದರವರೆಗೆ, ಮತ್ತೆ ಮಧ್ಯಾಹ್ನ ಒಂದರಿಂದ ರಾತ್ರಿ ಹನ್ನೊಂದರವರೆಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೈ ಕೊಡುವುದು ಹನ್ನೆರಡರ ಹತ್ತಿರ.

ಬೆಳಗ್ಗೆ 10 AM, 11 AM ಅಂತ ಎಣಿಸಿಕೊಂಡು ಬಂದವರಿಗೆ ಮುಂದಿನದು 12 AM ಅನ್ನಿಸುವುದು ಸಹಜ. ಆದರೆ ಗಡಿಯಾರಗಳ ರೂಢಿಯಲ್ಲಿ 11:59 AM ಆದ ಮೇಲೆ ಬರುವುದು 12:00 PM. ಎಎಂ ಅಂದರೆ ನಡುಹಗಲಿಗೆ ಮುಂಚೆ, ಪಿಎಂ ಅಂದರೆ ನಡುಹಗಲಾದ ಮೇಲೆ. ಸರಿಯಾಗಿ ನಡುಹಗಲು ಹನ್ನೆರಡು ಎರಡರಲ್ಲೂ ಸೇರುವುದಿಲ್ಲ. ಅಮೆರಿಕದಲ್ಲಿ ಅಳತೆ ಮತ್ತು ಸಮಯದ ಮಾನಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ ಕೂಡ 12 AM, 12 PM ಎಂದು ಬರೆಯಬೇಡಿ, ಗೊಂದಲವಾಗುತ್ತದೆ ಎಂದೇ ಹೇಳುತ್ತದೆ. ಅರ್ಜಿ ಹಾಕುವ ಕೊನೆಯ ದಿನಕ್ಕೆ "ರಾತ್ರಿ 11:59ರ ಒಳಗೆ" ಎಂದು ಬರೆಯುವುದನ್ನು ನೋಡಿರುತ್ತೀರಿ. ಆ ಒಂದು ನಿಮಿಷ ಬಿಟ್ಟುಕೊಟ್ಟರೆ ಯಾವ ದಿನದ ರಾತ್ರಿ ಅನ್ನುವ ಜಗಳವೇ ಬರುವುದಿಲ್ಲ.

ಇನ್ನೊಂದು ದೋಷ ಚಿಕ್ಕದು, ಆದರೆ ದಿನಾ ಆಗುತ್ತದೆ. ಇಡೀ ಸಮಯದ ಅರ್ಥ A, P ಅನ್ನುವ ಒಂದು ಅಕ್ಷರದ ಮೇಲೆ ನಿಂತಿರುತ್ತದೆ. ಅಲಾರಂ ಇಡುವಾಗ 5:00 AM ಬದಲು 5:00 PM ಒತ್ತಿಹೋದರೆ ಬೆಳಗ್ಗೆ ಏಳುವುದಿಲ್ಲ, ಅಷ್ಟೇ. ತಪ್ಪಾದರೆ ಪೂರ್ತಿ ಹನ್ನೆರಡು ಗಂಟೆಯ ತಪ್ಪು.

ಹೊತ್ತಿನ ಹೆಸರು

"ಸಂಜೆ 6:30", "ಬೆಳಗಿನ ಜಾವ 4:45". ಕನ್ನಡದಲ್ಲಿ ನಾವು ಮಾತಾಡುವುದೇ ಹೀಗೆ. ಪತ್ರಿಕೆಗಳು "ಬೆಳಿಗ್ಗೆ 10.30ಕ್ಕೆ" ಎಂದೇ ಅಚ್ಚು ಹಾಕುತ್ತವೆ. ಎಎಂ, ಪಿಎಂಗೆ ಹೋಲಿಸಿದರೆ ಇದರ ಲಾಭ ಏನೆಂದರೆ ದಿನ ಎರಡು ತುಂಡಾಗುವ ಬದಲು ಐದಾರು ತುಂಡಾಗುತ್ತದೆ. ಸಂಖ್ಯೆ ಸ್ವಲ್ಪ ತಪ್ಪಾಗಿ ಕೇಳಿಸಿದರೂ ಹೊತ್ತಿನ ಹೆಸರು ತಡೆಯುತ್ತದೆ. "ಮಧ್ಯಾಹ್ನ ಆರು" ಅಂತ ಕಿವಿಗೆ ಬಿದ್ದರೆ, ಅದು ಆರಲ್ಲ, ಮೂರು ಎಂದು ಕೇಳಿದವರಿಗೇ ಹೊಳೆಯುತ್ತದೆ.

ಇದರ ದುರ್ಬಲ ಜಾಗ ರಾತ್ರಿ. "ರಾತ್ರಿ" ಅನ್ನುವ ಒಂದೇ ಹೆಸರು ಎಂಟು ಗಂಟೆಗೂ ಸಲ್ಲುತ್ತದೆ, ಹನ್ನೆರಡೂವರೆಗೂ ಸಲ್ಲುತ್ತದೆ, ಎರಡು ಗಂಟೆಗೂ ಸಲ್ಲುತ್ತದೆ. ಅದರ ನಡುವೆಯೇ ತಾರೀಕು ಬದಲಾಗಿಬಿಡುತ್ತದೆ. ನಮ್ಮ ಮಾತಲ್ಲಿ ಮಾತ್ರ ದಿನ ಬದಲಾಗುವುದು ಮಲಗಿ ಎದ್ದ ಮೇಲೆ. "ಶನಿವಾರ ರಾತ್ರಿ ಒಂದು ಗಂಟೆಗೆ ಬಂದ್ರು" ಅಂದರೆ ಕ್ಯಾಲೆಂಡರ್ ಪ್ರಕಾರ ಅದು ಭಾನುವಾರ. ಪಂಚಾಂಗದವರೂ ಒಂದು ದಿನವನ್ನು ಸೂರ್ಯೋದಯದಿಂದ ಸೂರ್ಯೋದಯದವರೆಗೆ ಎಣಿಸುತ್ತಾರೆ. ಹಾಗಾಗಿ ಬೆಳಗಿನ ಜಾವ ನಾಲ್ಕೂವರೆಯ ಮುಹೂರ್ತವನ್ನು ಮನೆಯ ಹಿರಿಯರು ಹಿಂದಿನ ದಿನದ ಲೆಕ್ಕಕ್ಕೆ ಹಾಕಿ ಮಾತಾಡಿದರೆ ಅವರದ್ದು ತಪ್ಪಲ್ಲ, ಲೆಕ್ಕ ಬೇರೆ ಅಷ್ಟೆ. ಆದರೆ ದೂರದ ಊರಿಂದ ಬರುವ ನೆಂಟರಿಗೆ ಬಸ್ ಬುಕ್ ಮಾಡಲು ಇಂಗ್ಲಿಷ್ ತಾರೀಕು ಬೇಕಲ್ಲ. ಅಂಥ ಕಡೆ ಎರಡೂ ದಿನದ ಹೆಸರು ಹೇಳಿಬಿಡಬೇಕು: "ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ 4:30."

ಒಂದು ಹೊತ್ತು ಮುಗಿದು ಇನ್ನೊಂದು ಶುರುವಾಗುವ ಕಡೆಯೂ ಸ್ವಲ್ಪ ಎಳೆದಾಟ ಇದೆ. ನಾಲ್ಕು ಗಂಟೆ ಕೆಲವರಿಗೆ ಮಧ್ಯಾಹ್ನ, ಕೆಲವರಿಗೆ ಸಂಜೆ. ಏಳು ಗಂಟೆ ಒಬ್ಬರಿಗೆ ಸಂಜೆ, ಇನ್ನೊಬ್ಬರಿಗೆ ರಾತ್ರಿ. ಇದರಿಂದ ಯಾರೂ ದಾರಿ ತಪ್ಪುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ.

24 ಗಂಟೆ ಲೆಕ್ಕ

ರೈಲ್ವೆ ಟಿಕೆಟ್, ವಿಮಾನದ ಟಿಕೆಟ್, ಕಾರ್ಖಾನೆಯ ಶಿಫ್ಟ್ ಪಟ್ಟಿ ಎಲ್ಲ ಇದರಲ್ಲೇ. ಮಧ್ಯರಾತ್ರಿ 00:00ಕ್ಕೆ ದಿನ ಶುರು, 23:59ಕ್ಕೆ ಮುಗಿಯಿತು. 12:20 ಅಂದರೆ ಮಧ್ಯಾಹ್ನವೇ, 00:20 ಅಂದರೆ ಮಧ್ಯರಾತ್ರಿ ಕಳೆದು ಇಪ್ಪತ್ತು ನಿಮಿಷವೇ. ಎರಡನೆಯ ಅರ್ಥ ಬರಲು ಜಾಗವೇ ಇಲ್ಲ.

ಹಾಗಂತ ಇದರಲ್ಲಿ ತಪ್ಪೇ ಆಗುವುದಿಲ್ಲ ಅಂದುಕೊಳ್ಳಬೇಡಿ. ಆಗುವ ತಪ್ಪು ಬೇರೆ ಥರದ್ದು. 18:00 ನೋಡಿದವರು ಹನ್ನೆರಡು ಕಳೆಯುವ ಬದಲು ಮುಂದಿನ "1" ಬಿಟ್ಟು "8" ಮಾತ್ರ ಓದಿಕೊಳ್ಳುತ್ತಾರೆ. ಅಂದರೆ ಹತ್ತು ಕಳೆದ ಹಾಗಾಯಿತು. 16:00 ಆರಾಗುತ್ತದೆ, 17:00 ಏಳಾಗುತ್ತದೆ, 19:00 ಒಂಬತ್ತಾಗುತ್ತದೆ. ಪ್ರತಿ ಸಲ ಎರಡು ಗಂಟೆ ತಡ. ಮಧ್ಯಾಹ್ನದ ಮೇಲೆ ಹೊರಡುವ ರೈಲಿಗೆ ಯಾರಾದರೂ ಸರಿಯಾಗಿ ಎರಡು ಗಂಟೆ ತಡವಾಗಿ ಬಂದರೆ ಕಾರಣ ಹೆಚ್ಚಾಗಿ ಇದೇ. ಎಎಂ, ಪಿಎಂ ತಪ್ಪಿನಷ್ಟು ದೊಡ್ಡದಲ್ಲ, ಆದರೆ ಇದರಲ್ಲಿ ಒಂದು ಕಪಟ ಇದೆ: ಸಂಜೆ ಆರಕ್ಕೂ ಎಂಟಕ್ಕೂ ಜನ ಪ್ರಯಾಣ ಮಾಡುವುದು ಸಹಜವೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬೆಳಗ್ಗೆ ಮೂರಕ್ಕೆ ಹಲ್ಲಿನ ಡಾಕ್ಟರು ಅಂದರೆ ಯಾರಾದರೂ ನಿಂತು ಯೋಚಿಸುತ್ತಾರೆ. ಸಂಜೆ ಎಂಟಕ್ಕೆ ರೈಲು ಅಂದರೆ ಸುಮ್ನೆ ತಲೆಯಾಡಿಸುತ್ತಾರೆ.

ಆದ್ದರಿಂದ ಈ ಲೆಕ್ಕ ರೂಢಿಯಿಲ್ಲದವರಿಗೆ ಬರೆಯುವಾಗ ಕಳೆಯುವ ಕೆಲಸ ನೀವೇ ಮಾಡಿಕೊಡಿ: "18:00, ಅಂದರೆ ಸಂಜೆ 6." ನಿಮಗೆ ನಾಲ್ಕೈದು ಅಕ್ಷರ ಜಾಸ್ತಿ ಟೈಪ್ ಮಾಡುವ ಶ್ರಮ. ಟಿಕೆಟ್‌ನಲ್ಲಿರುವ ಸಂಖ್ಯೆಯೂ ಕಣ್ಣಿಗೆ ಬೀಳುತ್ತದೆ, ಬಾಯಿಗೆ ಬರುವ ಹೊತ್ತೂ ಸಿಗುತ್ತದೆ. ಬರಹದಲ್ಲಿ ನನ್ನ ಆಯ್ಕೆ ಇದೇ.

ಮಧ್ಯರಾತ್ರಿ ಗಾಡಿ

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಬೆಂಗಳೂರಿನಿಂದ ರಾತ್ರಿ ಒಂಬತ್ತೂವರೆಗೆ ಹೊರಟು ಹುಬ್ಬಳ್ಳಿ ಕಡೆ ಹೋಗುವ ಒಂದು ಗಾಡಿ ಅರಸೀಕೆರೆಗೆ 00:20ಕ್ಕೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಅರಸೀಕೆರೆಯಲ್ಲಿರುವ ನಿಮ್ಮ ಚಿಕ್ಕಮ್ಮ 14ನೇ ತಾರೀಕು ಶುಕ್ರವಾರ ರಾತ್ರಿ ಊಟ ಮುಗಿಸಿ ಈ ಗಾಡಿ ಹತ್ತಬೇಕು. ಬುಕ್ ಮಾಡುವವರು ನೀವು.

ಯಾವ ತಾರೀಕು ಹಾಕುತ್ತೀರಿ? "ಶುಕ್ರವಾರ ರಾತ್ರಿ" ಎಂದು ಮನಸ್ಸಲ್ಲಿ ಇರುವುದರಿಂದ ಕೈ 14ರ ಮೇಲೆ ಹೋಗುತ್ತದೆ. ಆದರೆ 14ರ 00:20 ಅಂದರೆ ಗುರುವಾರ ಮಲಗಿ ಶುಕ್ರವಾರ ಏಳುವ ರಾತ್ರಿ. ಚಿಕ್ಕಮ್ಮ ಶುಕ್ರವಾರ ರಾತ್ರಿ ಬ್ಯಾಗ್ ಹಿಡಿದು ಸ್ಟೇಷನ್‌ಗೆ ಬರುವ ಹೊತ್ತಿಗೆ ಅವರ ಸೀಟು ಅರಸೀಕೆರೆ ದಾಟಿ ಸುಮಾರು ಒಂದು ದಿನ ಆಗಿರುತ್ತದೆ. ಹೊರಟು ಹೋದ ಗಾಡಿಯ ಕನ್ಫರ್ಮ್ ಟಿಕೆಟ್‌ಗೆ ಸಾಮಾನ್ಯವಾಗಿ ದುಡ್ಡೂ ವಾಪಸ್ ಸಿಗುವುದಿಲ್ಲ. ಹಾಕಬೇಕಾಗಿದ್ದದ್ದು 15, ಶನಿವಾರ.

ತಾರೀಕು ಸರಿಯಾಗಿ ಹಾಕಿದಿರಿ ಅಂತಲೇ ಇಟ್ಟುಕೊಳ್ಳೋಣ. ಇನ್ನೊಂದು ಗುಂಡಿ ಇದೆ. ಗಾಡಿ ಎಲ್ಲಿದೆ ಅಂತ ನೋಡಲು ಹೋದಾಗ ರೈಲ್ವೆಯ ಲೈವ್ ಸ್ಟೇಟಸ್‌ನಲ್ಲಿ ಗಾಡಿ ಮೊದಲ ನಿಲ್ದಾಣದಿಂದ ಹೊರಟ ದಿನದ ಲೆಕ್ಕ ಬರುತ್ತದೆ. ಚಿಕ್ಕಮ್ಮನ ಟಿಕೆಟ್ 15ರದ್ದು, ಆದರೆ ಗಾಡಿ ಬೆಂಗಳೂರು ಬಿಟ್ಟದ್ದು 14ರ ರಾತ್ರಿ. ಹೊರಟ ದಿನ 15 ಅಂತ ಆರಿಸಿದರೆ ಸಿಗುವುದು ಮಾರನೇ ದಿನದ ಗಾಡಿ, "ಇನ್ನೂ ಹೊರಟಿಲ್ಲ" ಅಂತ ತೋರಿಸುತ್ತದೆ. ಅದನ್ನು ನಂಬಿ ಮನೆಯಲ್ಲೇ ಕೂತರೆ ಗಾಡಿ ತಪ್ಪಿತು.

ಈಗ ಇದನ್ನೇ ಮೂರು ರೀತಿಯಲ್ಲಿ ಚಿಕ್ಕಮ್ಮನಿಗೆ ತಿಳಿಸಿ ನೋಡಿ. "ಗಾಡಿ 12:20 AM, 15th" ಅಂದರೆ ಅವರು ಶನಿವಾರ ಮಧ್ಯಾಹ್ನ ಎಂದುಕೊಳ್ಳಬಹುದು. "ಶನಿವಾರ ರಾತ್ರಿ 12:20" ಅಂದರೆ ಖಂಡಿತ ಒಂದು ದಿನ ತಡವಾಗಿ ಬರುತ್ತಾರೆ. "15ರ 00:20" ಅಂದರೆ ತಾಂತ್ರಿಕವಾಗಿ ಸರಿ, ಆದರೆ ಓದಿದವರು ಫೋನ್ ಮಾಡಿ ಕೇಳುತ್ತಾರೆ, ಇಲ್ಲವೇ ಕೇಳದೆ ಊಹಿಸುತ್ತಾರೆ. ನಾನಾದರೆ ಹೀಗೆ ಕಳಿಸುತ್ತೇನೆ:

"ಚಿಕ್ಕಮ್ಮ, ಶುಕ್ರವಾರ (14) ರಾತ್ರಿ 11:45ಕ್ಕೆ ಸ್ಟೇಷನ್‌ನಲ್ಲಿ ಇರಿ. ಗಾಡಿ ಬರೋದು ಅದೇ ರಾತ್ರಿ 12:20ಕ್ಕೆ. ಟಿಕೆಟ್‌ನಲ್ಲಿ 15, 00:20 ಅಂತ ಇರುತ್ತೆ, ಸರಿಯಾಗೇ ಇದೆ, ಗಾಬರಿ ಆಗಬೇಡಿ."

ಇಲ್ಲಿ ಮುಖ್ಯವಾದದ್ದು ಮೊದಲನೆಯ ವಾಕ್ಯ. ಗಾಡಿಯ ಸಮಯ ಹನ್ನೆರಡರ ಆಚೆ ಇದ್ದರೂ ಸ್ಟೇಷನ್‌ಗೆ ಬರಬೇಕಾದ ಸಮಯ ಈಚೆ ಇದೆ. ಶುಕ್ರವಾರ ರಾತ್ರಿ 11:45ಕ್ಕೆ ಎರಡು ಅರ್ಥ ಇಲ್ಲ. ಮಧ್ಯರಾತ್ರಿ ಕಳೆದ ಬಸ್ಸು, ರೈಲು ಯಾವುದೇ ಇರಲಿ, ಮನೆ ಬಿಡುವ ಹೊತ್ತನ್ನು ಮೊದಲು ಹೇಳಿ, ಹೊರಡುವ ಹೊತ್ತನ್ನು ಆಮೇಲೆ ಹೇಳಿ. ಹೊರಡುವುದು 02:40ಕ್ಕೆ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಎರಡೂ ದಿನದ ಹೆಸರೇ ಗತಿ: "ಶುಕ್ರವಾರ ಮಲಗಿ ಶನಿವಾರ ಏಳೋ ರಾತ್ರಿ, 2:40."

ಬಾಯಲ್ಲಿ ಹೇಳುವಾಗ

ಬರಹದಲ್ಲಿ ಗೆದ್ದ 24 ಗಂಟೆ ಲೆಕ್ಕ ಫೋನಿನಲ್ಲಿ ಸೋಲುತ್ತದೆ. ಕಾರಣ ಕನ್ನಡದ ಎಣಿಕೆಯಲ್ಲೇ ಇದೆ. ಮಧ್ಯಾಹ್ನ ಒಂದರಿಂದ ಸಂಜೆ ಆರರವರೆಗಿನ ಗಂಟೆಗಳನ್ನು 24ರ ಲೆಕ್ಕದಲ್ಲಿ ಜೋರಾಗಿ ಹೇಳಿ ನೋಡಿ: ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಆರೂ "ಹದಿ"ಯಿಂದಲೇ ಶುರು. ಹದಿನಾಲ್ಕು, ಹದಿನಾರು ಅಂತೂ "ಹದಿನಾ" ತನಕ ಒಂದೇ. ಬಸ್‌ಸ್ಟ್ಯಾಂಡ್ ಗಲಾಟೆಯಲ್ಲಿ ಕೊನೆಯ ತುಂಡು ಕೇಳಿಸದೇ ಹೋದರೆ ಎರಡು ಗಂಟೆಯ ವ್ಯತ್ಯಾಸ. ಅದೇ ಗಂಟೆಗಳನ್ನು ನಮ್ಮ ರೂಢಿಯಲ್ಲಿ ಹೇಳಿ: ಒಂದು, ಎರಡು, ಮೂರು, ನಾಲ್ಕು, ಐದು, ಆರು. ಒಂದೊಂದರ ಶುರುವೂ ಬೇರೆ. ಸ್ಟೇಷನ್ನಿನ ಧ್ವನಿವರ್ಧಕ "ಹದಿನಾರು ಗಂಟೆ ನಲವತ್ತು ನಿಮಿಷಕ್ಕೆ" ಎಂದು ಹೇಳಿದರೆ ಹೇಳಲಿ, ಅದನ್ನು ಮನೆಗೆ ಫೋನ್ ಮಾಡಿ ತಿಳಿಸುವಾಗ "ಸಂಜೆ ನಾಲ್ಕು ನಲವತ್ತು" ಅನ್ನಿ.

ಹನ್ನೆರಡು ಗಂಟೆ ಲೆಕ್ಕದಲ್ಲೂ ಕಿವಿಗೆ ಮೋಸ ಮಾಡುವ ಜೋಡಿಗಳಿವೆ. ಮೂರು ಮತ್ತು ಆರು. ಒಂದು ಮತ್ತು ಹನ್ನೊಂದು. ಹನ್ನೊಂದು ಮತ್ತು ಹನ್ನೆರಡು. ಹಗಲಿನಲ್ಲಿ ಇವನ್ನು ಹೊತ್ತಿನ ಹೆಸರು ಕಾಪಾಡುತ್ತದೆ: ಬೆಳಗ್ಗೆ ಹನ್ನೊಂದು, ಮಧ್ಯಾಹ್ನ ಹನ್ನೆರಡು, ಮಧ್ಯಾಹ್ನ ಮೂರು, ಸಂಜೆ ಆರು. ಆದ್ದರಿಂದ ಹೊತ್ತಿನ ಹೆಸರನ್ನು ಪ್ರತಿ ಸಲ ಹೇಳಿ, ಅದು ಬೇಡ ಅನ್ನಿಸಿದಾಗಲೂ ಹೇಳಿ. ರಾತ್ರಿ ಮಾತ್ರ ಈ ಕಾವಲು ಇಲ್ಲ. ರಾತ್ರಿ ಹನ್ನೊಂದು, ರಾತ್ರಿ ಹನ್ನೆರಡು, ರಾತ್ರಿ ಒಂದು ಎಲ್ಲಕ್ಕೂ ಅದೇ ಹೆಸರು. ಅಲ್ಲಿ ಬೇರೆ ಆಧಾರ ಕೊಡಿ: "ಹನ್ನೊಂದು, ಹನ್ನೆರಡು ಆಗೋಕೆ ಇನ್ನೂ ಒಂದು ಗಂಟೆ ಇರುವಾಗ."

ಇನ್ನು ಕಾಲು, ಮುಕ್ಕಾಲಿನ ವಿಷಯ. ನನಗೆ ಈ ಪದಗಳೆಂದರೆ ಇಷ್ಟ, ಎದುರಾ ಎದುರು ಕೂತು ಮಾತಾಡುವಾಗ ಬಿಡಬೇಕಾಗಿಲ್ಲ. ಆದರೆ ಫೋನಿನಲ್ಲಿ ಇವು ಅರ್ಧ ಗಂಟೆ ತಿನ್ನುತ್ತವೆ. "ಹತ್ತೂಮುಕ್ಕಾಲು" ಅಂದದ್ದರಲ್ಲಿ "ಮು" ನುಂಗಿಹೋದರೆ 10:45 ಹೋಗಿ 10:15 ಆಯಿತು. "ಹನ್ನೊಂದಕ್ಕೆ ಕಾಲು ಗಂಟೆ ಇದೆ" ಅಂದರೆ 10:45, "ಹನ್ನೊಂದೂಕಾಲು" ಅಂದರೆ 11:15. ನಡುವಿನ "ಕ್ಕೆ" ಕೇಳಿಸದಿದ್ದರೆ ಗೊತ್ತಾಗುವ ದಾರಿಯೇ ಇಲ್ಲ. "ಹತ್ತಕ್ಕೆ ಐದು ನಿಮಿಷ" ಮತ್ತು "ಹತ್ತು ಗಂಟೆ ಐದು ನಿಮಿಷ" ಕೂಡ ಇದೇ ಜಾತಿ. ತಪ್ಪಿದರೆ ನಷ್ಟವಾಗುವ ಕಡೆ ನಿಮಿಷ ಬಿಡಿಸಿ ಹೇಳಿ: "ಬೆಳಗ್ಗೆ ಹತ್ತು ಗಂಟೆ, ನಲವತ್ತೈದು ನಿಮಿಷ." "ಹತ್ತೂವರೆ" ಪರವಾಗಿಲ್ಲ, "ವರೆ" ಜೋರಾಗಿಯೇ ಕೇಳಿಸುತ್ತದೆ.

ಕೇಳಿಸಿಕೊಂಡವರು ಸರಿಯಾಗಿ ಹಿಡಿದರೋ ಇಲ್ಲವೋ ಅಂತ ಹೇಗೆ ತಿಳಿಯುವುದು? "ಗೊತ್ತಾಯ್ತಾ?" ಅಂದರೆ ಎಲ್ಲರೂ "ಹ್ಞೂಂ" ಅನ್ನುತ್ತಾರೆ. ಅದೇ ಸಮಯವನ್ನು ತಿರುಗಿ ಹೇಳಿಸಿದರೂ ಎಎಂ, ಪಿಎಂ ತಪ್ಪು ಸಿಕ್ಕಿಬೀಳುವುದಿಲ್ಲ, ಯಾಕೆಂದರೆ ಸಂಖ್ಯೆ ಅದೇ ಇರುತ್ತದೆ. ಆ ಸಮಯಕ್ಕೆ ಅಂಟಿದ ಕೆಲಸ ಕೇಳಿ. ಆಟೊದವರಿಗೆ "ಅಣ್ಣಾ, ಬೆಳಗಿನ ಜಾವ ನಾಲ್ಕೂವರೆಗೆ ಬನ್ನಿ" ಅಂದ ಮೇಲೆ "ರಾತ್ರಿ ಎಲ್ಲಿ ಮಲಗ್ತೀರಿ, ಹತ್ತಿರಾನೇನಾ?" ಅಂತ ಕೇಳಿ. "ರಾತ್ರಿ ಯಾಕೆ ಸಾರ್, ಸಂಜೆ ಅಲ್ವಾ?" ಅಂದರೆ ತಪ್ಪು ಅಲ್ಲೇ ಹೊರಬಿತ್ತು. ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದರೆ "ತಿಂಡಿ ತಿಂದು ರೆಡಿ ಆಗ್ತೀಯಾ, ಊಟ ಮಾಡಿನಾ?" ಅಂದರೆ ಸಾಕು.

ನಿಮಗೆ ಯಾವುದು?

ಮನೆಯ ಗುಂಪಿನಲ್ಲಿ, ಹಗಲಿನ ಕಾರ್ಯಕ್ರಮಕ್ಕೆ, ಹೊತ್ತಿನ ಹೆಸರು ಹಾಕಿದ ಹನ್ನೆರಡು ಗಂಟೆ ಲೆಕ್ಕವೇ ಚೆಂದ. "ಭಾನುವಾರ ಮಧ್ಯಾಹ್ನ 12:30ಕ್ಕೆ ಊಟ." ಅಲ್ಲಿ 24ರ ಲೆಕ್ಕ ತಂದರೆ ಯಾರಿಗೂ ಲಾಭವಿಲ್ಲ. ಟಿಕೆಟ್, ಹೋಟೆಲ್ ರೂಮು, ಏರ್‌ಪೋರ್ಟ್‌ಗೆ ಕ್ಯಾಬು, ಅಂದರೆ ದುಡ್ಡು ಕೊಟ್ಟಾಗಿರುವ ಎಲ್ಲದಕ್ಕೂ ಎರಡನ್ನೂ ಜೋಡಿಸಿ ಬರೆಯಿರಿ, ವಾರದ ಹೆಸರನ್ನೂ ಸೇರಿಸಿ. ಶಿಫ್ಟ್ ಕೆಲಸದವರು ತಮ್ಮತಮ್ಮಲ್ಲಿ 22:00–06:00 ಎಂದೇ ಬರೆದುಕೊಳ್ಳಲಿ, ಅವರಿಗೆ ಲೆಕ್ಕ ಹಾಕುವ ಕಷ್ಟವಿಲ್ಲ. ಆದರೆ ಮನೆಯವರಿಗೆ "ಇವತ್ತು ರಾತ್ರಿ ಹತ್ತಕ್ಕೆ ಹೋಗಿ ನಾಳೆ ಬೆಳಗ್ಗೆ ಆರಕ್ಕೆ ಬರ್ತೀನಿ" ಅನ್ನಲಿ.

ಹೊರದೇಶದಲ್ಲಿರುವವರ ಜೊತೆ ಮಾತಾಡುವಾಗ 12ರೋ 24ರೋ ಅನ್ನುವುದಕ್ಕಿಂತ ಯಾರ ಊರಿನ ಗಂಟೆ, ಯಾರ ಊರಿನ ದಿನ ಅನ್ನುವುದೇ ದೊಡ್ಡದು. ನ್ಯೂ ಜೆರ್ಸಿಯಲ್ಲಿರುವ ಮಗ ಬೇಸಿಗೆಯಲ್ಲಿ ಶನಿವಾರ ರಾತ್ರಿ 9ಕ್ಕೆ ಕಾಲ್ ಮಾಡಿದರೆ ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ 6:30. ಚಳಿಗಾಲದಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುವುದರಿಂದ ಅದೇ ಕಾಲ್ ನಮಗೆ 7:30ಕ್ಕೆ ಬರುತ್ತದೆ. ಅಲ್ಲಿ ಬರೆಯುವುದು ಎಎಂ, ಪಿಎಂನಲ್ಲಿ. ಜರ್ಮನಿಯಲ್ಲಿರುವ ಮಗಳು ಬರೆಯುವುದು 24ರಲ್ಲಿ. ಇಬ್ಬರಿಗೂ ಒಂದೇ ಸಂದೇಶ ಹೋಗಬೇಕಾದರೆ "ಭಾರತದಲ್ಲಿ ಭಾನುವಾರ ಬೆಳಗ್ಗೆ 6:30 (06:30)" ಎಂದು ಒಂದೇ ಊರಿನ ಗಂಟೆ ಹಾಕಿ, ಉಳಿದದ್ದನ್ನು ಅವರವರ ಫೋನು ಲೆಕ್ಕ ಹಾಕಿಕೊಳ್ಳಲಿ.

24ರ ಲೆಕ್ಕ ರೂಢಿಯಾಗಬೇಕು ಅಂತ ಇದ್ದರೆ ಫೋನಿನ ಗಡಿಯಾರವನ್ನೇ ಬದಲಾಯಿಸಿ. ಆಂಡ್ರಾಯ್ಡ್‌ನಲ್ಲಿ Settings ಒಳಗೆ Date & time ಹುಡುಕಿ Use 24-hour format ಒತ್ತಬೇಕು, ಐಫೋನಿನಲ್ಲಿ Settings, General, Date & Time ಒಳಗೆ 24-Hour Time. ಅಲಾರಂ ಕೂಡ ಅದೇ ಲೆಕ್ಕಕ್ಕೆ ಬರುವುದರಿಂದ ಬೆಳಗಿನ ಐದರ ಅಲಾರಂ ಸಂಜೆಗೆ ಹೋಗುವ ಭಯ ತಪ್ಪುತ್ತದೆ. ಅಪ್ಪ ಅಮ್ಮನ ಫೋನಿನಲ್ಲಿ ಮಾತ್ರ ಅವರನ್ನು ಕೇಳದೆ ಈ ಕೆಲಸ ಮಾಡಬೇಡಿ.